ಒಂದು ಶಾಟಿಗೆ ಹದಿನಾಲ್ಕು ತಿದ್ದುಪಡಿ. ಜೂನಿಯರ್‌ಗೆ ಈ ನೋಟ್ ಕಳಿಸಲಾ, ಬೇಡ್ವಾ?

ಮೂರನೇ ಟೇಕ್

ಒಂದು ಆನಿಮೇಷನ್ ಕಿರುಚಿತ್ರ ನಿರ್ದೇಶಿಸುತ್ತಿದ್ದೇನೆ. ತಂಡಕ್ಕೆ ಹೊಸದಾಗಿ ಬಂದ ಹುಡುಗಿಯೊಬ್ಬಳು ತನ್ನ ಮೊದಲ ಶಾಟನ್ನು ಬ್ಲಾಕಿಂಗ್ ಮುಗಿಸಿ ಸ್ಪ್ಲೈನ್ ಮಾಡಿ ಕಳಿಸಿದ್ದಾಳೆ. ನೋಟ್ ಬರೆದಿಟ್ಟಿದ್ದೇನೆ, ಇನ್ನೂ ಕಳಿಸಿಲ್ಲ. ಹೋದ ಸಲ ಬೇರೆ ಒಬ್ಬ ಹುಡುಗ ನನ್ನ ನೋಟ್ ಓದಿ, ಇಡೀ ಶಾಟ್ ಅಳಿಸಿ ಮೊದಲಿಂದ ಮಾಡಿಬಿಟ್ಟ. ಚೆನ್ನಾಗಿದ್ದದ್ದೂ ಹೋಯಿತು. ಆ ತಪ್ಪು ನನ್ನದೇ. ಅದಕ್ಕೇ ಈ ಸಲ ಭಯ.

ಶಾಟ್ ಹೀಗಿದೆ. 1001ರಿಂದ 1108ರವರೆಗೆ 108 ಫ್ರೇಮ್, ಅಂದರೆ ನಾಲ್ಕೂವರೆ ಸೆಕೆಂಡ್. ಒಬ್ಬ ಮುದುಕ ಮನೆ ಬಿಟ್ಟು ಹೊರಟಿದ್ದಾನೆ. ಕ್ಯಾಮೆರಾ ಅವನ ಬೆನ್ನ ಹಿಂದೆ ಇದೆ, ತಲೆಯಿಂದ ಕಾಲಿನವರೆಗೂ ಕಾಣುತ್ತಾನೆ. ಎಡಗೈ ಬಾಗಿಲ ಹಿಡಿಯ ಮೇಲೆ, ಬಲಗೈಯಲ್ಲಿ ಸೂಟ್‌ಕೇಸ್. 1017ಕ್ಕೆ ಒಳಗಿನಿಂದ ಮೊಮ್ಮಗಳ ದನಿ ಕೇಳುತ್ತದೆ. 1024ರಿಂದ 1046ರವರೆಗೆ ಸೂಟ್‌ಕೇಸ್ ಕೆಳಗಿಡುತ್ತಾನೆ. 1049ಕ್ಕೆ ಬೆರಳು ಬಿಡುತ್ತಾನೆ, 1074ಕ್ಕೆ ತಲೆ ಬಲಕ್ಕೆ ತಿರುಗುತ್ತದೆ. ಅಷ್ಟೆ.

ನನ್ನ ನೋಟಿನ ಶುರು ಇದು:

"ತುಂಬಾ ಚೆನ್ನಾಗಿ ಬಂದಿದೆ! ಆದರೆ ಸ್ವಲ್ಪ ತೇಲಿದ ಹಾಗೆ ಅನ್ನಿಸುತ್ತೆ. ತೂಕ ಬೇಕು. ಇನ್ನೂ ಸ್ವಲ್ಪ ಭಾವ ತುಂಬಬಹುದು. ಸೂಟ್‌ಕೇಸ್ ಸರಿಯಾಗಿ ಕೂತಿಲ್ಲ. ಬಲ ಭುಜ ಸತ್ತಂತಿದೆ. ಬೆನ್ನು ಜಾಸ್ತಿ ಬಗ್ಗಿದೆ. ಮೊಣಕೈ 1041ರಲ್ಲಿ ಜಿಗಿಯುತ್ತೆ. ಬೆರಳುಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ..."

ಹೀಗೇ ಹದಿನಾಲ್ಕು ಸಾಲು. ಎಲ್ಲವೂ ನಿಜ. ಆದರೂ ಎಲ್ಲೋ ಸರಿಯಿಲ್ಲ ಅನ್ನಿಸುತ್ತಿದೆ.

ರಿಗ್ ರಿಪೇರಿ

1041ರಲ್ಲಿ ಜಿಗಿಯೋದು ಪ್ಲೇಬ್ಯಾಕ್ ತೊಂದರೆ ಇರಬಹುದು. ವ್ಯೂಪೋರ್ಟಿನಲ್ಲಿ ನೋಡಬೇಡಿ, ಪ್ಲೇಬ್ಲಾಸ್ಟ್ ತೆಗೆದು ನೋಡಿ. ನನಗೂ ಹಾಗೇ ಆಗಿತ್ತು, ಪ್ಲೇಬ್ಯಾಕ್ ವೇಗ 24ಕ್ಕೆ ಇರಲಿಲ್ಲ.

ಮೂರನೇ ಟೇಕ್

ಪ್ಲೇಬ್ಲಾಸ್ಟೇ ನೋಡ್ತಿರೋದು ಸರ್. ಫ್ರೇಮ್ ಫ್ರೇಮಾಗಿ ಸರಿಸಿದರೂ ಜಿಗಿತ ಇದೆ. ನನ್ನ ಪ್ರಶ್ನೆ ನೋಟ್ ಬಗ್ಗೆ.

ಹಳೇ ಪೆನ್ಸಿಲ್

ಪ್ಲೇಬ್ಲಾಸ್ಟ್ ಲಿಂಕ್ ಕಳಿಸಿದ್ದಕ್ಕೆ ಥ್ಯಾಂಕ್ಸ್. ಏಳೆಂಟು ಸಲ ನೋಡಿದೆ. ಆಮೇಲೆ ನಿಮ್ಮ ಹದಿನಾಲ್ಕು ಸಾಲು ಪಕ್ಕದಲ್ಲಿಟ್ಟುಕೊಂಡು ಒಂದೊಂದಕ್ಕೂ ಕಾರಣ ಹುಡುಕಿದೆ. ಒಂಬತ್ತು ಸಾಲಿನ ಕಾರಣ ಒಂದೇ: ಸೊಂಟ ಕೆಲಸ ಮಾಡುತ್ತಿಲ್ಲ.

1024ಕ್ಕೆ ಬಲಗೈ ಕೆಳಗೆ ಹೊರಡುತ್ತದೆ. ಸೊಂಟ ಮಾತ್ರ 1036ರವರೆಗೂ ಕದಲುವುದಿಲ್ಲ. ಹನ್ನೆರಡು ಫ್ರೇಮ್, ಅರ್ಧ ಸೆಕೆಂಡ್. ಅಷ್ಟು ಹೊತ್ತು ಕೈಯನ್ನು ಕೆಳಗಿಳಿಸಬೇಕಾದರೆ ಪಾಪ ಅವಳು ಏನು ಮಾಡಬೇಕು? ಬೆನ್ನು ಬಗ್ಗಿಸಿದ್ದಾಳೆ. ಅದಕ್ಕೇ ಬೆನ್ನು ಜಾಸ್ತಿ ಬಗ್ಗಿದೆ. ಅದೂ ಸಾಲದೆ ತೋಳು ಪೂರ್ತಿ ಚಾಚಿಕೊಂಡಿದೆ. ಐಕೆ ತೋಳು ಪೂರ್ತಿ ನೆಟ್ಟಗಾಗಿ ಮತ್ತೆ ಮಡಚಿದಾಗ ಮೊಣಕೈ ಜಿಗಿಯುತ್ತದೆ. ನಿಮ್ಮ 1041 ಅದೇ. ಸೊಂಟ ಮೊದಲೇ ಇಳಿದಿದ್ದರೆ ತೋಳು ಚಾಚುವ ಅಗತ್ಯವೇ ಇರಲಿಲ್ಲ.

ನೀವು ಒಂಬತ್ತು ಸಾಲು ಬರೆದರೆ ಅವಳು ಒಂಬತ್ತು ಕಡೆ ರಿಪೇರಿ ಮಾಡುತ್ತಾಳೆ. ಮೊಣಕೈಗೆ ಒಂದು ಕೀ, ಭುಜಕ್ಕೆ ಮೂರು ಕೀ, ಬೆನ್ನಿಗೆ ನಾಲ್ಕು. ಆಮೇಲೆ ಯಾರೋ ಸೊಂಟ ಸರಿಪಡಿಸಿ ಅಂತಾರೆ, ಅಷ್ಟೂ ಕೀ ಕಸದ ಬುಟ್ಟಿಗೆ.

ಅರ್ಧರಾತ್ರಿ ರೆಂಡರ್

ಇಷ್ಟೆಲ್ಲ ಯಾಕೆ? ಸೂಟ್‌ಕೇಸ್ ಭಾರ ಅನ್ನಿಸಬೇಕಾದರೆ ಇನ್ನೂ ಬೇಗ ಇಳಿಸಿ. ಭಾರದ ವಸ್ತು ಬೇಗ ಬೀಳುತ್ತೆ. 22 ಫ್ರೇಮ್ ತುಂಬಾ ಜಾಸ್ತಿ ಆಯ್ತು, ಎಂಟಕ್ಕೆ ತನ್ನಿ. ಮುಗೀತು.

ಹಳೇ ಪೆನ್ಸಿಲ್

22 ಜಾಸ್ತಿ ಅನ್ನೋದು ಸರಿ. ಕಾರಣ ಮಾತ್ರ ಸರಿಯಲ್ಲ. ಕೈ ಬಿಟ್ಟರೆ ಖಾಲಿ ಸೂಟ್‌ಕೇಸೂ ತುಂಬಿದ ಸೂಟ್‌ಕೇಸೂ ಒಂದೇ ವೇಗದಲ್ಲಿ ಬೀಳುತ್ತವೆ.

ಲೆಕ್ಕ ಹಾಕಿ ನೋಡಿ. ಕೈಯಲ್ಲಿ ತೂಗುತ್ತಿರುವ ಸೂಟ್‌ಕೇಸಿನ ತಳ ನೆಲದಿಂದ ಒಂದು ಗೇಣು ಮೇಲಿದೆ, ಸುಮಾರು 20 ಸೆಂಟಿಮೀಟರ್. ಅಷ್ಟು ಎತ್ತರದಿಂದ ಸುಮ್ನೆ ಬಿಟ್ಟರೆ ನೆಲ ಮುಟ್ಟೋಕೆ 5 ಫ್ರೇಮ್ ಸಾಕು. ಅದರಲ್ಲಿ ಕಲ್ಲೇ ಇರಲಿ, ಹತ್ತಿಯೇ ಇರಲಿ. ಅವಳು ತೆಗೆದುಕೊಂಡಿದ್ದು 22. ಅದೂ ಒಂದೊಂದು ಫ್ರೇಮಿಗೂ ಸುಮಾರು ಒಂದೇ ಅಂತರ. ಲಿಫ್ಟ್ ಇಳಿದ ಹಾಗೆ. ತೇಲಿದಂತೆ ಕಾಣುವುದು ಆ ಸಮ ಅಂತರದಿಂದ.

ಭಾರ ಕಾಣುವುದು ವಸ್ತುವಿನಲ್ಲಿ ಕಡಿಮೆ, ಹೊತ್ತವನ ಮೈಯಲ್ಲಿ ಜಾಸ್ತಿ. ಬಲಗೈಯಲ್ಲಿ ಹದಿನೈದು ಕಿಲೋ ಇದ್ದರೆ ಬಲ ಭುಜ ಕೆಳಗೆ ಎಳೆಸಿಕೊಳ್ಳುತ್ತದೆ. ಮೈ ಎಡಕ್ಕೆ ವಾಲುತ್ತದೆ, ಸೊಂಟವೂ ಒಂಚೂರು ಎಡಕ್ಕೆ ಜಾರುತ್ತದೆ. ಹಾಗೆ ವಾಲದಿದ್ದರೆ ಮನುಷ್ಯ ಬಲಕ್ಕೆ ಬಿದ್ದುಬಿಡುತ್ತಾನೆ. ಈಗ 1001ನೇ ಫ್ರೇಮ್ ನೋಡಿ. ಮುದುಕ ಕಂಬದ ಹಾಗೆ ನೆಟ್ಟಗೆ ನಿಂತಿದ್ದಾನೆ. ಅಂದರೆ ಇಡೋದಕ್ಕೆ ಮೊದಲೇ ಸೂಟ್‌ಕೇಸ್ ಖಾಲಿ. ಕ್ಯಾಮೆರಾ ಬೆನ್ನ ಹಿಂದೆ ಇರುವುದರಿಂದ ಈ ವಾಲು ಚೆನ್ನಾಗಿ ಓದಿಸಿಕೊಳ್ಳುತ್ತದೆ. ಪಕ್ಕದಿಂದ ನೋಡಿದ್ದರೆ ಕಾಣುತ್ತಲೇ ಇರಲಿಲ್ಲ.

ಅರ್ಧರಾತ್ರಿ ರೆಂಡರ್

ಸರಿ, ಅದು ಒಪ್ಪಿದೆ. ಆದರೆ ಎಲ್ಲದಕ್ಕೂ ಈಸ್ ಇನ್, ಈಸ್ ಔಟ್ ಕೊಟ್ಟರೆ ಸಮ ಅಂತರ ಹೋಗುತ್ತಲ್ವಾ? ಅದನ್ನೇ ಹೇಳಿ ಅವಳಿಗೆ.

ಹಳೇ ಪೆನ್ಸಿಲ್

ಶುರುವಿಗೆ ಈಸ್ ಬೇಕು. ನೆಲ ಮುಟ್ಟುವಾಗ ಬೇಡ. ನೆಲದ ಹತ್ತಿರ ಬಂದಂತೆ ಸೂಟ್‌ಕೇಸ್ ನಿಧಾನವಾದರೆ ದಿಂಬಿನ ಮೇಲೆ ಇಟ್ಟಂತೆ ಕಾಣುತ್ತದೆ.

ಮನೆಯಲ್ಲಿ ಒಂದು ಬ್ಯಾಗಿಗೆ ಪುಸ್ತಕ ತುಂಬಿ ಇಟ್ಟು ನೋಡಿ. ತಳ ನೆಲದಿಂದ ಎರಡು ಬೆರಳಗಲ ಇರುವಾಗ ನಿಮ್ಮ ಕೈ "ಸಾಕು" ಅಂತ ಬಿಟ್ಟುಬಿಡುತ್ತದೆ. ಆ ಕೊನೇ ಮೂರು ಸೆಂಟಿಮೀಟರ್ ಅದು ಬೀಳುತ್ತದೆ. ಎರಡೇ ಫ್ರೇಮ್. ಅದೂ ಮಟ್ಟಸವಾಗಿ ಕೂರುವುದಿಲ್ಲ. ಮೊದಲು ಒಂದು ಮೂಲೆ ತಾಗುತ್ತದೆ, ಇನ್ನೆರಡು ಫ್ರೇಮ್ ಆದ ಮೇಲೆ ಉಳಿದದ್ದು. ಈ ನಾಲ್ಕು ಫ್ರೇಮು ಸೌಂಡ್ ಇಲ್ಲದೆಯೂ "ಧಪ್" ಅನ್ನಬೇಕು.

ಖಾಲಿ ಬ್ಯಾಗ್ ಹಿಡಿದು ನಟಿಸಿ ವೀಡಿಯೊ ತೆಗೆಯಬೇಡಿ ಅಂತ ಅವಳಿಗೆ ಹೇಳಿ. ಭಾರ ಇಲ್ಲದಿದ್ದರೆ ಮೈ ಸುಳ್ಳು ಹೇಳುತ್ತದೆ.

ಎರಡನೇ ಪಾಳಿ

ನನ್ನ ಕಥೆ ಹೇಳ್ತೀನಿ, ಸ್ವಲ್ಪ ವಿಷಯಾಂತರ ಆದರೆ ಕ್ಷಮಿಸಿ. ನಾನೂ ಜೂನಿಯರ್, ಎರಡು ವರ್ಷ ಆಯ್ತು. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ನನ್ನ ಶಾಟಿಗೆ ಬಂದ ನೋಟ್ ಒಂದೇ ಸಾಲು: "ಇನ್ನೂ ಜೀವ ಬೇಕು." ಮೂರು ದಿನ ಕೂತು ಏನೇನೋ ಸೇರಿಸಿದೆ. ಕಣ್ಣು ಮಿಟುಕಿಸಿದೆ, ತಲೆ ಆಡಿಸಿದೆ, ಬೆರಳು ಕುಣಿಸಿದೆ. ನಾಲ್ಕನೇ ದಿನ ರಿವ್ಯೂನಲ್ಲಿ ಪರದೆ ಮೇಲೆ ಬಂದ ಶಾಟ್ ನನ್ನದೇ ಆಗಿರಲಿಲ್ಲ. ರಾತ್ರಿ ಲೀಡ್ ಫೈಲ್ ತೆರೆದು ತಾವೇ ಸರಿಮಾಡಿದ್ದರು. ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದರೆ ಏನು ಬದಲಾಯಿಸಿದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಆದ್ದರಿಂದ ನೋಟ್ ಬರೆಯೋರಿಗೆ ನನ್ನದೊಂದು ಕೋರಿಕೆ. ಫ್ರೇಮ್ ನಂಬರ್ ಹಾಕಿ. "ಭುಜ ಸತ್ತಂತಿದೆ" ಅಂದರೆ ನನಗೆ ಅಳು ಬರುತ್ತೆ. "1046ರಿಂದ 1052ರವರೆಗೆ ಬಲ ಭುಜ ಕದಲಿಲ್ಲ" ಅಂದರೆ ಗ್ರಾಫ್ ಎಡಿಟರ್ ತೆರೆಯುತ್ತೇನೆ.

ಇಪ್ಪತ್ನಾಲ್ಕು

ಲೀಡ್ ಪರವಾಗಿ ಒಂದು ಮಾತು. ನಾಳೆ ಬೆಳಿಗ್ಗೆ ಲೈಟಿಂಗ್‌ಗೆ ಶಾಟ್ ಹೋಗಬೇಕು ಅಂದಾಗ ನಾನೂ ಫೈಲ್ ತೆರೆದಿದ್ದೇನೆ. ಕಲಿಸೋಕೆ ಟೈಮ್ ಇರಲ್ಲ. ಬೇಜಾರಾಗುತ್ತೆ ಅಂತ ಗೊತ್ತು.

ಎರಡನೇ ಪಾಳಿ

ತೆರೆಯಲಿ ಸರ್. ಮರುದಿನ ಐದು ನಿಮಿಷ ಪಕ್ಕ ಕೂರಿಸಿಕೊಂಡು ಎರಡೂ ವರ್ಶನ್ ತೋರಿಸಬಹುದಿತ್ತು ಅಲ್ವಾ.

ಇಪ್ಪತ್ನಾಲ್ಕು

ಆ ಐದು ನಿಮಿಷವೂ ಎಷ್ಟೋ ಸಲ ಸಿಗಲ್ಲ. ನೆಪ ಹೇಳ್ತಿಲ್ಲ. ಸರಿ, ಸ್ವಲ್ಪ ನೆಪವೇ.

ಮೂಲ ಪ್ರಶ್ನೆಗೆ ಬರ್ತೀನಿ. "ತುಂಬಾ ಚೆನ್ನಾಗಿ ಬಂದಿದೆ! ಆದರೆ" ಅನ್ನೋದನ್ನು ತೆಗೆದುಬಿಡಿ. ಎಲ್ಲರಿಗೂ ಗೊತ್ತು, ಹೊಗಳಿಕೆ ಅಂದರೆ ಮುಂದೆ ಏಟಿದೆ ಅಂತ. ನೇರ ವಿಷಯಕ್ಕೆ ಹೋಗಿ.

ಹಳೇ ಪೆನ್ಸಿಲ್

ಹೊಗಳಿಕೆ ತೆಗೆಯಬೇಡಿ, ಜಾಗ ತೋರಿಸಿ ಹೊಗಳಿ. ಈ ಶಾಟಿನಲ್ಲಿ 1017ರಿಂದ 1023ರವರೆಗೆ ಅವಳು ಮಾಡಿರೋದು ನೋಡಿದ್ರಾ? ದನಿ ಕೇಳಿದ ತಕ್ಷಣ ಮುದುಕ ತಿರುಗುವುದಿಲ್ಲ. ಉಸಿರು ಹಿಡಿದ ಹಾಗೆ ಭುಜ ಕೂದಲೆಳೆಯಷ್ಟು ಏರುತ್ತದೆ, ಉಳಿದದ್ದೆಲ್ಲ ನಿಂತುಬಿಡುತ್ತದೆ. ಬಾಗಿಲ ಹಿಡಿ ಅರ್ಧ ತಿರುಗಿದ್ದು ಅಲ್ಲೇ ನಿಲ್ಲುತ್ತದೆ. ಅದು ಯಾರೂ ಹೇಳಿಕೊಟ್ಟದ್ದಲ್ಲ ಅಂತ ನನ್ನ ಊಹೆ. ಸ್ಟೋರಿಬೋರ್ಡಿನಲ್ಲಿ ಇತ್ತಾ?

ಮೂರನೇ ಟೇಕ್

ಇರಲಿಲ್ಲ. ಅವಳದೇ ಯೋಚನೆ. ನನ್ನ ಹದಿನಾಲ್ಕು ಸಾಲಿನಲ್ಲಿ ಅದರ ಸುದ್ದಿಯೇ ಇಲ್ಲ, ಈಗ ನಾಚಿಕೆ ಆಗ್ತಿದೆ.

ಹಳೇ ಪೆನ್ಸಿಲ್

ಅದನ್ನು ಬರೆಯದಿದ್ದರೆ ಮುಂದಿನ ವರ್ಶನ್‌ನಲ್ಲಿ ಅದು ಇರುತ್ತೆ ಅನ್ನೋದಕ್ಕೆ ಏನೂ ಗ್ಯಾರಂಟಿ ಇಲ್ಲ. ನಿಮ್ಮ ಹೋದ ಸಲದ ಹುಡುಗ ಮಾಡಿದ್ದೂ ಅದೇ. ಯಾವುದು ಉಳಿಯಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಕೇಳ್ತೀನಿ. ಶಾಟ್ ಕೊಡುವಾಗ ಸೂಟ್‌ಕೇಸಿನಲ್ಲಿ ಏನಿದೆ, ಎಷ್ಟು ಭಾರ ಅಂತ ಹೇಳಿದ್ರಾ?

ಮೂರನೇ ಟೇಕ್

ಇಲ್ಲ... "ಸೂಟ್‌ಕೇಸ್ ಕೆಳಗಿಡ್ತಾನೆ, ತಿರುಗ್ತಾನೆ" ಅಂತ ಅಷ್ಟೇ ಹೇಳಿದ್ದೆ.

ಸರಿ, ಮತ್ತೆ ಬರೆದಿದ್ದೇನೆ. ನೋಡಿ:

"1017ರಿಂದ 1023ರವರೆಗೆ ಏನೂ ಮುಟ್ಟಬೇಡಿ. ದನಿ ಕೇಳಿ ಅವನು ಉಸಿರು ಹಿಡಿಯುವುದು, ಬಾಗಿಲ ಹಿಡಿ ಅರ್ಧಕ್ಕೇ ನಿಲ್ಲುವುದು ಎರಡೂ ನಿಮ್ಮ ಯೋಚನೆ, ನನಗೆ ಹೊಳೆದಿರಲಿಲ್ಲ. ಶಾಟ್ ನಿಂತಿರುವುದೇ ಅದರ ಮೇಲೆ.

ಒಂದು ವಿಷಯ ನಾನು ಮೊದಲೇ ಹೇಳಬೇಕಿತ್ತು. ಸೂಟ್‌ಕೇಸ್ ಸುಮಾರು ಹದಿನೈದು ಕಿಲೋ ಇದೆ. ಅವನು ವಾಪಸ್ ಬರುವ ಯೋಚನೆಯಿಲ್ಲದೆ ಹೊರಟವನು, ಎಲ್ಲ ತುಂಬಿಕೊಂಡಿದ್ದಾನೆ. ಅದನ್ನು ಕೆಳಗಿಟ್ಟಾಗ ಹೋಗುವುದನ್ನೇ ಕೈಬಿಟ್ಟ ಅಂತ ನೋಡುವವರಿಗೆ ಅನ್ನಿಸಬೇಕು. ಇದು ಗೊತ್ತಿಲ್ಲದೆ ನೀವು ಭಾರ ತೋರಿಸುವುದು ಸಾಧ್ಯವಿರಲಿಲ್ಲ.

ಈ ಸಲ ಕೆಲಸ ಒಂದೇ, ಭಾರ. ಮೂರು ಜಾಗದಲ್ಲಿ ನೋಡಿ. 1001ರಲ್ಲಿ ಮೈ ಎಡಕ್ಕೆ ವಾಲಲಿ, ಬಲ ಭುಜ ಇಳಿಯಲಿ. 1024ಕ್ಕೆ ಕೈಗಿಂತ ಮೊದಲು ಸೊಂಟ ಹೊರಡಲಿ, ಮಂಡಿ ಮಡಚಲಿ, ಸೂಟ್‌ಕೇಸ್ ಮೂರು ಫ್ರೇಮ್ ತಡವಾಗಿ 1027ಕ್ಕೆ ಹಿಂಬಾಲಿಸಲಿ. 1038ರ ಹೊತ್ತಿಗೆ ತಳ ನೆಲದಿಂದ ಎರಡು ಬೆರಳಗಲ ಇರಲಿ, 1040ಕ್ಕೆ ಒಂದು ಮೂಲೆ ತಾಗಲಿ, 1042ಕ್ಕೆ ಪೂರ್ತಿ ಕೂರಲಿ. ಕೂತ ಮೇಲೆ ಮೈಗೆ ವಾಲುವ ಕೆಲಸವಿಲ್ಲ. ಏಳೆಂಟು ಫ್ರೇಮಿನಲ್ಲಿ ಸೊಂಟ ನಡುವಿಗೆ ಬರಲಿ, ಭುಜ ಅದರ ಹಿಂದೆ ಏರಲಿ. 1001, 1038, 1050 ಈ ಮೂರು ಫ್ರೇಮಿನ ಮೇಲೆ ಗೆರೆ ಎಳೆದು ಕಳಿಸಿದ್ದೇನೆ. ನಂಬರುಗಳು ಅಂದಾಜು, ನಿಮ್ಮ ಕಣ್ಣಿಗೆ ಬೇರೆ ಸರಿ ಕಂಡರೆ ಅದನ್ನೇ ಇಟ್ಟುಕೊಳ್ಳಿ.

ಬೆರಳು, ತಲೆ ತಿರುಗುವ ವೇಗ, ಅಂಗಿಯ ತುದಿ ಇವೆಲ್ಲ ಈಗ ಬೇಡ. ಭಾರ ಸರಿಯಾದ ಮೇಲೆ ನೋಡೋಣ. ಸಾಧ್ಯವಾದರೆ ಪುಸ್ತಕ ತುಂಬಿದ ಬ್ಯಾಗ್ ಹಿಡಿದು ಬೆನ್ನ ಕಡೆಯಿಂದ ವೀಡಿಯೊ ತೆಗೆದುಕೊಳ್ಳಿ. ಗುರುವಾರ ಪ್ಲೇಬ್ಲಾಸ್ಟ್ ಸಾಕು, ಪಾಲಿಶ್ ಬೇಕಿಲ್ಲ. ಯಾವುದಾದರೂ ಒಪ್ಪಿಗೆ ಆಗದಿದ್ದರೆ ಫೋನ್ ಮಾಡಿ."

ರಿಗ್ ರಿಪೇರಿ

ಈಗ ಅರ್ಥ ಆಯ್ತು, ನಾನು ಪ್ರಶ್ನೆಯನ್ನೇ ಬೇರೆ ಥರ ಓದಿದ್ದೆ. ಆದರೂ ರಿಗ್ ಕಡೆಯಿಂದ ಒಂದು ಹೇಳಲೇಬೇಕು. ಸೂಟ್‌ಕೇಸನ್ನು ಅವಳು ಕೈಗೆ ಕಟ್ಟಿದ್ದಾಳಾ? ಹಾಗಿದ್ದರೆ ಈ ನೋಟಿನಂತೆ ಮಾಡೋದು ಕಷ್ಟ. ಕೈ ಹೋದಲ್ಲಿ ಸೂಟ್‌ಕೇಸ್ ಹೋಗುತ್ತೆ. ಮಣಿಕಟ್ಟು ಒಂಚೂರು ಆಡಿದರೂ ಹದಿನೈದು ಕಿಲೋ ಬೀಸಣಿಗೆಯಂತೆ ಅಲ್ಲಾಡುತ್ತೆ. ಉಲ್ಟಾ ಮಾಡಿಸಿ. ಸೂಟ್‌ಕೇಸಿಗೆ ಪ್ರತ್ಯೇಕ ಕೀ ಹಾಕಲಿ, ಐಕೆ ಕೈಯನ್ನು ಅದರ ಹಿಡಿಗೆ ಕನ್‌ಸ್ಟ್ರೇಂಟ್ ಮಾಡಲಿ. ಆಗ ಭಾರವೇ ಕೈಯನ್ನು ಎಳೆಯುತ್ತೆ. ಕೈ ಬಿಡುವಾಗ ಒಂದೇ ಫ್ರೇಮಿನಲ್ಲಿ ಕನ್‌ಸ್ಟ್ರೇಂಟ್ ಆಫ್ ಮಾಡಿ, ಅದೇ ಜಾಗದಲ್ಲಿ ಕೈಗೆ ಕೀ ಕೊಡಬೇಕು. ಇಲ್ಲದಿದ್ದರೆ ಅಲ್ಲೊಂದು ಜಿಗಿತ ಗ್ಯಾರಂಟಿ.

ಮೂರನೇ ಟೇಕ್

ಹೌದು, ಕೈಗೇ ಕಟ್ಟಿದ್ದಾಳೆ. ಇದನ್ನು ನೋಟಿನಲ್ಲಿ ಹಾಕಲ್ಲ, ಪಕ್ಕ ಕೂತು ತೋರಿಸ್ತೀನಿ. ಬರೆದರೆ ಬೈದ ಹಾಗೆ ಕೇಳುತ್ತೆ.

ಅರ್ಧರಾತ್ರಿ ರೆಂಡರ್

ನೋಟ್ ಚೆನ್ನಾಗಿದೆ. ಆದರೆ ಫ್ರೇಮ್ ನಂಬರ್ ಇಷ್ಟು ಕೊಟ್ಟರೆ ಅವಳು ಬರೀ ನಂಬರ್ ತುಂಬುತ್ತಾಳೆ. ಯೋಚಿಸೋಕೆ ಏನು ಉಳಿಯಿತು?

ಎರಡನೇ ಪಾಳಿ

ಮೊದಲ ಶಾಟಿಗೆ ನಂಬರ್ ಇರಲಿ ಅನ್ನೋದು ನನ್ನ ಅನಿಸಿಕೆ. ಐದನೇ ಶಾಟಿಗೆ ಬೇಡ.

ಹಳೇ ಪೆನ್ಸಿಲ್

ಅರ್ಧರಾತ್ರಿ ಹೇಳಿದ್ದರಲ್ಲಿ ಹುರುಳಿದೆ. ನಾನಾದರೆ ಕೈ ಬಿಡುವ ಫ್ರೇಮನ್ನು ಖಾಲಿ ಬಿಡುತ್ತಿದ್ದೆ. 1042ಕ್ಕೆ ಭಾರ ನೆಲಕ್ಕೆ ಹೋಯಿತು. ಬೆರಳು ಮಾತ್ರ ಹಿಡಿ ಬಿಟ್ಟಿಲ್ಲ. ಮೈ ಹಗುರಾಗಿದೆ, ಮನಸ್ಸು ಇನ್ನೂ ಹಿಡಿದಿದೆ. ಎಷ್ಟು ಹೊತ್ತು? 1054ರವರೆಗೂ ಎಳೆಯಬಹುದು ಅನ್ನಿಸುತ್ತೆ. ಅದನ್ನು ಅವಳನ್ನೇ ಕೇಳಿ.

ಇಪ್ಪತ್ನಾಲ್ಕು

ಹನ್ನೆರಡು ಫ್ರೇಮಾ? ಅರ್ಧ ಸೆಕೆಂಡ್ ಸುಮ್ನೆ ಹಿಡಿದುಕೊಂಡರೆ ಮತ್ತೆ ಎತ್ತುತ್ತಾನೇನೋ ಅನ್ನಿಸಿಬಿಡುತ್ತೆ. ನಾನು 1048ಕ್ಕೆ ಬಿಡಿಸ್ತಿದ್ದೆ.

ಹಳೇ ಪೆನ್ಸಿಲ್

ಮತ್ತೆ ಎತ್ತುತ್ತಾನೇನೋ ಅನ್ನಿಸಲಿ ಅಂತಲೇ ನಾನು ಹೇಳಿದ್ದು. ನೀವು ಒಪ್ಪಲ್ಲ, ಪರವಾಗಿಲ್ಲ.

ಮೂರನೇ ಟೇಕ್

ಕೈ ಬಿಡುವ ಫ್ರೇಮ್ ಬರೆಯದೆ, "ಯಾವಾಗ ಬಿಡುತ್ತಾನೆ ಅಂತ ನಿಮಗನ್ನಿಸುತ್ತೆ?" ಅಂತ ಒಂದು ಸಾಲು ಸೇರಿಸಿ ಬೆಳಿಗ್ಗೆ ಕಳಿಸಿದೆ. ಮಧ್ಯಾಹ್ನ ಉತ್ತರ ಬಂತು. ಅವಳನ್ನು ಕೇಳಿಯೇ ಇಲ್ಲಿ ಹಾಕ್ತಿದ್ದೇನೆ:

"ಥ್ಯಾಂಕ್ಸ್ ಸರ್. ಹದಿನೈದು ಕಿಲೋ ಅಂತ ಗೊತ್ತಿರಲಿಲ್ಲ, ಬಟ್ಟೆ ಮಾತ್ರ ಇದೆ ಅಂದುಕೊಂಡಿದ್ದೆ. ಬ್ಯಾಗಿಗೆ ಪುಸ್ತಕ ತುಂಬಿ ವೀಡಿಯೊ ತೆಗೆದೆ. ಬಲಗೈ ವಿಷಯ ಯೋಚಿಸ್ತಿದ್ದೀನಿ. ಆದರೆ ವೀಡಿಯೊದಲ್ಲಿ ಇನ್ನೊಂದು ಕಾಣಿಸಿತು. ಬಗ್ಗುವಾಗ ನಾನು ಎಡಗೈಯಿಂದ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡ್ಕೊಂಡು ಅದರ ಮೇಲೇ ಭಾರ ಹಾಕಿದ್ದೀನಿ. ಶಾಟಿನಲ್ಲಿ ಎಡಗೈ ಸುಮ್ನೆ ಅಂಟಿಸಿದ ಹಾಗಿದೆ. ಹಿಡಿ ಅರ್ಧ ತಿರುಗಿ ನಿಂತಿದೆ ಅಲ್ವಾ, ಅವನು ಭಾರ ಹಾಕಿದರೆ ಅದು ಪೂರ್ತಿ ತಿರುಗಿ ಬಾಗಿಲು ತೆರೆದುಕೊಳ್ಳಲ್ವಾ? ಎಡಗೈ ಯಾವಾಗ ಬಿಡಬೇಕು ಸರ್?"

ಹಳೇ ಪೆನ್ಸಿಲ್

ಅಯ್ಯೋ. ಏಳೆಂಟು ಸಲ ನೋಡಿದೆ, ಎಡಗೈ ನೋಡಲೇ ಇಲ್ಲ.

ಇಪ್ಪತ್ನಾಲ್ಕು

ಮೊದಲು ಎಡಗೈ ಬಿಡಿಸಿ, ಆಮೇಲೆ ಸೂಟ್‌ಕೇಸ್. ಬಾಗಿಲು ಬಿಟ್ಟ ಅಂದರೆ ನಿರ್ಧಾರ ಆಯ್ತು.

ರಿಗ್ ರಿಪೇರಿ

ಹಾಗೆ ಮಾಡಿದರೆ ಮುದುಕ ಆಸರೆ ಇಲ್ಲದೆ ಬಗ್ಗಬೇಕು. ಸೊಂಟ ಇನ್ನೂ ಎಡಕ್ಕೆ ಹೋಗಬೇಕಾಗುತ್ತೆ. ಎಡಗೈ ಬಾಗಿಲ ಚೌಕಟ್ಟಿಗೆ ಜಾರಿಸಿದರೆ? ಹಿಡಿಯ ಪ್ರಶ್ನೆಯೇ ಇರಲ್ಲ.

ಮೂರನೇ ಟೇಕ್

ಇವೆರಡನ್ನೂ ಅವಳಿಗೆ ಹೇಳಿದೆ. ಚೌಕಟ್ಟಿನದನ್ನು ಒರಟಾಗಿ ಬ್ಲಾಕ್ ಮಾಡಿ ನೋಡ್ತೀನಿ ಅಂದಳು, ಮೂರೇ ಪೋಸ್. ಆದರೆ ಅದಕ್ಕೆ 1023ರ ನಂತರ ನಾಲ್ಕೈದು ಫ್ರೇಮ್ ಜಾಸ್ತಿ ಬೇಕಂತೆ. ಕೊನೆಯ ಹೋಲ್ಡಿನಿಂದ ಕತ್ತರಿಸಿ ಕೊಡಬಹುದಾ ಅಂತ ಎಡಿಟರ್‌ನ ಕೇಳಬೇಕು. ಗುರುವಾರ ಪ್ಲೇಬ್ಲಾಸ್ಟ್ ಬಂದ ಮೇಲೆ ಇಲ್ಲೇ ಹಾಕ್ತೀನಿ.